ತಂತಿಯಲ್ಲಿಲ್ಲದ ಅಲೆ

ಅಂದೂ ಬೆಳಿಗ್ಗೆ ಹಾಲು ಕಾಯಿಸಿ, ಯಜಮಾನರ ಡಬ್ಬಿಗೆ ಚಪಾತಿ ಲಟ್ಟಿಸುತ್ತಿದ್ದೆ. ಊರಾಚೆ ಹಿಂಗಣಾದಲ್ಲಿದ್ದ ಕಾರ್ಖಾನೆಯ ಬಸ್ಸು ಬರುವ ಮುನ್ನ ಅವರು ತಂಬೂರಿ ಶ್ರುತಿ ಮಾಡಿಕೊಂಡು ಸ್ವಲ್ಪ ಹೊತ್ತು ಹಾಡುವುದು ನಾಗಪುರಕ್ಕೆ ಬಂದಾಗಿನಿಂದ ನಡೆದುಬಂದ ರೂಢಿ. ಎಂಬತ್ತರ ದಶಕದ ಆ ಚಳಿಗಾಲದಲ್ಲಿ ಮಾತ್ರ ಶ್ರುತಿ ಮಾಡುವುದರಲ್ಲೇ ಹೊತ್ತು ಮುಗಿದು, ಹಾಡಿಗೆ ಸಮಯ ಉಳಿಯುತ್ತಿರಲಿಲ್ಲ. ಭಾನುವಾರ ನಮ್ಮ ಕನ್ನಡದವರ ಬೈಠಕ್ಕಿನಲ್ಲಿ ಅವರು ಹಾಡಬೇಕಿತ್ತು.

ತಂಬೂರಿಯ ನಡುವಿನ ಎರಡು ತಂತಿಗಳು ಒಂದೇ ಷಡ್ಜಕ್ಕೆ ನಿಲ್ಲಬೇಕು. ಹತ್ತಿರ ಬಂದೂ ಒಂದಾಗದಿದ್ದರೆ ನಾದ ಉಬ್ಬುತ್ತದೆ, ತಗ್ಗುತ್ತದೆ, ಮತ್ತೆ ಉಬ್ಬುತ್ತದೆ. ಅಂತರ ಕಡಿಮೆಯಾದಂತೆ ಆ ಅಲೆ ನಿಧಾನವಾಗುತ್ತದೆ; ಪೂರ್ತಿ ಒಂದಾದಾಗ ನಿಂತೇಹೋಗುತ್ತದೆ. ದಾಟಿದರೆ ಮತ್ತೆ ಶುರು. ಇದನ್ನು ನನಗೆ ಮೊದಲು ಕೇಳಿಸಿಕೊಟ್ಟವರು ಬೆಳಗಾವಿಯ ಕಾನ್ವೆಂಟಿನಲ್ಲಿ ಪಿಯಾನೋ ಕಲಿಸುತ್ತಿದ್ದ ಸಿಸ್ಟರ್. ಅಲ್ಲಿ ಒಂದು ಸ್ವರಕ್ಕೆ ಮೂರು ತಂತಿ. ಒಂದನ್ನು ಉಣ್ಣೆಯ ತುಂಡಿನಿಂದ ಒತ್ತಿ ಸುಮ್ಮನಾಗಿಸಿ, ಉಳಿದೆರಡನ್ನು ಕೇಳು ಎನ್ನುತ್ತಿದ್ದರು.

ಅಡುಗೆಮನೆಯಿಂದಲೇ ಕೇಳುತ್ತಿದ್ದೆ. ಅಲೆ ಉದ್ದವಾಯಿತು, ಇನ್ನೂ ಉದ್ದವಾಯಿತು, ನಿಂತಿತು. ಅವರು ತಂತಿಯ ಕೆಳಗಿನ ಮಣಿಯನ್ನು ಮತ್ತೆ ಸರಿಸಿದರು. ಅಲೆ ಮರಳಿತು. ಹೀಗೇ ನಾಲ್ಕಾರು ಸಲ. ಹಿಂದಿನ ವಾರವೇ ತಂತಿಗಳೆಲ್ಲ ಖೋಟಾ ಎಂದು ಗಾಂಧಿಬಾಗ್ ಪೇಟೆಯಿಂದ ಹೊಸವು ತಂದು ಹಾಕಿದ್ದರು.

ಕೈಯ ಹಿಟ್ಟು ಒರೆಸುತ್ತ ಹೊರಗೆ ಬಂದೆ. "ಕೂಡ್ಯಾವ್ರೀ. ಇನ್ನ ಹಾಡ್ರಿ."

"ನಿನ್ನ ಕಾನ್ವೆಂಟ್ ಕಿವಿಗೆ ಎಲ್ಲಾ ಕೂಡತಾವ ಬಿಡು. ಇನ್ನೂ ಅಲೆ ಐತಿ."

ಸಿಸ್ಟರ್ ಮಾಡುತ್ತಿದ್ದಂತೆ ಒಂದು ತಂತಿಯ ಮೇಲೆ ಬೆರಳಿಟ್ಟು, ಇನ್ನೊಂದನ್ನಷ್ಟೇ ಮೀಟಿರಿ ಎಂದೆ. ಜೊತೆಯಿಲ್ಲದ ತಂತಿಗೆ ಅಲೆ ಬರಬಾರದು. ಆದರೂ ಐತಿ ಎಂದರು. ತಂತಿ ಕೆಟ್ಟದ್ದಿದ್ದರೆ ಒಂಟಿಯಾಗಿಯೂ ಅದು ಓಲಾಡುವುದುಂಟು. ಆ ಆಸೆಯಿಂದ ಇನ್ನೊಂದನ್ನು ಮೀಟಿಸಿದೆ. ಅದಕ್ಕೂ ಅದೇ ಮಾತು. ಕೊನೆಗೆ ನಾಲ್ಕೂ ತಂತಿಗಳ ಮೇಲೆ ಅಂಗೈ ಊರಿದೆ. ಕೋಣೆ ಸುಮ್ಮನಾಯಿತು.

"ಈಗ?"

ಕಣ್ಣು ಮುಚ್ಚಿ ಕೇಳಿದರು. "ಐತಿ. ವೂಂ, ವೂಂ ಅಂತೈತಲ್ಲ."

ಆಮೇಲೆ ಕಣ್ಣು ತೆರೆದು ನನ್ನ ಅಂಗೈ ನೋಡಿದರು. ನಾನು ಕೈ ತೆಗೆಯಲಿಲ್ಲ. ವರ್ಷಗಟ್ಟಲೆ ತಗಡು ಬಡಿಯುವ ದೊಡ್ಡ ಪ್ರೆಸ್ಸಿನ ಪಕ್ಕ ನಿಂತ ಕಿವಿಗಳು ಅವು.

ತಂಬೂರಿಗೆ ಗವಸು ಹಾಕಿದರು. ಅದರ ಲಾಡಿ ಬಿಗಿದು ಕಟ್ಟಿದರು. "ಐತವಾರ ಬರೂದಿಲ್ಲಂತ ಹೇಳಿಬಿಡು," ಎಂದು ಡಬ್ಬಿ ತೆಗೆದುಕೊಂಡು ಹೊರಟರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ಸಂಜೆ ಬಂದವರು ಚಹಾ ಕುಡಿದು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಹಿತ್ತಿಲಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯ ಮರಾಠಿ ಕಾಕು ಮೆಂತ್ಯಸೊಪ್ಪು ಬಿಡಿಸುತ್ತ, ತಲೆಯೆತ್ತದೆಯೇ ತಮ್ಮ ಹಿಂದಿಯಲ್ಲಿ ಕೇಳಿದರು:

"ಇವತ್ತು ತಂಬೂರಿ ಬೇಗನೇ ಶ್ರುತಿಗೆ ಕೂಡಿತೇನು, ವಹಿನಿ?"