ಕಲ್ಲಯ್ಯ ತಿದ್ದಿದ ಸಾಲು

ಕಲ್ಲಯ್ಯನ ಮುತ್ತಜ್ಜ ರಾಚಯ್ಯ ಖಾನಾಪುರದ ಸುತ್ತಲಿನ ಹಳ್ಳಿಗಳಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕುಣಿಗೆ ಇಳಿಸುತ್ತಿದ್ದ ಲಿಂಗಾಯತ ಅಯ್ಯ. ಪ್ಲೇಗಿನ ವರ್ಷ ಊರೆಲ್ಲ ಹೊರಬಿದ್ದರೂ ಅವನು ಹೆಣಗಳನ್ನು ಬಿಟ್ಟು ಕದಲಲಿಲ್ಲ. ಅಪ್ಪ ಮುರಗಯ್ಯ ಶಹರದ ಖಾಸಬಾಗಕ್ಕೆ ಬಂದು ಅದೇ ಕೆಲಸ ನಡೆಸಿದ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟ ಕಲ್ಲಯ್ಯನೂ ನಲವತ್ತು ವರ್ಷ ಮಣ್ಣು ಕೊಡಿಸಿದ. ನಡುವೆ ಎಲ್ಲೋ ನಂಬಿಕೆ ಸೋರಿಹೋಯಿತು. ಕುತೂಹಲ ಮಾತ್ರ ಹೋಗಲಿಲ್ಲ.

ಸಾವಿನ ಬಗ್ಗೆ ಐದು ಧರ್ಮಗಳು ಏನೆನ್ನುತ್ತವೆ ಎಂದು ಪುಸ್ತಕ ಬರೆಯತೊಡಗಿದ. ಎಲ್ಲ ಧರ್ಮದವರಿಗೂ ಅವೇ ಮೂರು ಪ್ರಶ್ನೆಗಳು: ಗ್ರಂಥದಲ್ಲಿ ಏನಿದೆ, ಇಂದು ಜನ ಏನು ಮಾಡುತ್ತಾರೆ, ಇತಿಹಾಸಕಾರರು ಏನೆನ್ನುತ್ತಾರೆ? ಮೂರನ್ನೂ ಬೇರೆ ಬೇರೆ ಇಟ್ಟ; ಯಾವುದು ಮೇಲು ಎಂದು ತೂಗಲಿಲ್ಲ. ಬರೆದ ಅಧ್ಯಾಯವನ್ನು ಆಯಾ ಧರ್ಮದವರಿಗೇ ಓದಿಹೇಳಿ, "ಇದು ನೀವೇ ಹೌದಲ್ಲ?" ಎಂದು ಕೇಳುತ್ತಿದ್ದ. ಹಲಸಿಯ ಜೈನ ಮುದುಕರೊಬ್ಬರು ಅಲ್ಲವೆಂದಾಗ ಸಲ್ಲೇಖನದ ಎಂಟು ಪುಟ ಹರಿದು ಮತ್ತೆ ಬರೆದ.

ಕರಡನ್ನು ಸದಾಶಿವನಗರದ ಕಾಂತಾ ಓದಿದರು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು.

"ಅಯ್ಯಾರ, ನಾಕೂ ಧರ್ಮದಾಗ 'ಹೀಗೆಂದು ನಂಬುತ್ತಾರೆ' ಅಂದೀರಿ. ನಿಮ್ಮದಕ್ಕ ಬಂದ ಕೂಡಲೆ 'ಸತ್ತವರು ಲಿಂಗದಲ್ಲಿ ಒಂದಾಗುತ್ತಾರೆ' ಅಂತ ಬರದೀರಿ. ಮನಿ ಬಾಗಲಾ ಕಂಡು ಪೆನ್ನು ಚಪ್ಪಲಿ ಬಿಡ್ತೇನ್ರಿ?"

ಕಲ್ಲಯ್ಯ ನಕ್ಕ. ಮುಖ ಮಾತ್ರ ಕಪ್ಪಿಟ್ಟಿತ್ತು. ಬೇರೆಯವರ ಜಗಳ, ಮೇಲುಕೀಳು ಎಲ್ಲ ಬರೆದಿದ್ದ; ತನ್ನವರದು ಬರೀ ಆದರ್ಶ. ಅಂದೇ ತಿದ್ದಿದ: "ಒಂದಾಗುತ್ತಾರೆ ಎಂದು ಲಿಂಗಾಯತರು ನಂಬುತ್ತಾರೆ." ತನ್ನವರ ಜಗಳಗಳನ್ನೂ ಸೇರಿಸಿದ.

ಆ ಮಳೆಗಾಲದಲ್ಲೇ ಹೆಂಡತಿ ಸಂಗವ್ವ ಹಾಸಿಗೆ ಹಿಡಿದಳು. ಹೊಟ್ಟೆಯ ಗಡ್ಡೆ. ವೈದ್ಯರು ಕೈಚೆಲ್ಲಿದ್ದರು. ಒಂದು ಮಧ್ಯಾಹ್ನ ಗಂಡನ ಕೈ ಹಿಡಿದು ಕೇಳಿದಳು: "ರೀ, ಊರ ಮಂದಿಗೆಲ್ಲ ಹೇಳೀರಿ. ನನಗೂ ಹೇಳ್ರಿ. ನಾ ಲಿಂಗದಾಗ ಕೂಡತೀನಲಾ?"

ಕಲ್ಲಯ್ಯ ಅವಳ ಕೈ ಬಿಡದೆ ಹೇಳಿದ: "ನಮ್ಮ ಮಂದಿ ಹಂಗ ನಂಬತಾರ, ಸಂಗೂ."

"ಮಂದೀನ್ನ ಯಾರ ಕೇಳ್ಯಾರ?" ಎಂದು ಅವಳು ಗೋಡೆಗೆ ಮುಖ ತಿರುವಿದಳು. ಮೂರನೆಯ ದಿನ ಹಾಗೆಯೇ ಹೋದಳು. ಅವಳ ಅಂಗೈಯಲ್ಲಿ ಲಿಂಗವಿಟ್ಟವನೂ, ಮೊದಲ ಹಿಡಿ ಮಣ್ಣು ಹಾಕಿದವನೂ ಅವನೇ. ಲಿಂಗದಲ್ಲಿ ಒಂದಾದಳು ಎಂದು ಮಾತ್ರ ಹೇಳಲಿಲ್ಲ.

ದಿನಕರ್ಮ ಮುಗಿದ ಮೇಲೆ, ಲಿಂಗಾಯತರ ಅಧ್ಯಾಯ ಓದಿಸಿ ಕೇಳಿದ್ದ ಅರಿವೆ ಅಂಗಡಿಯ ಲಕ್ಷ್ಮಪ್ಪ ಬಂದ. ಅವನ ದುಡ್ಡು ಬಿಟ್ಟರೆ ಪುಸ್ತಕ ಅಚ್ಚಾಗಲು ಬೇರೆ ದಾರಿ ಇರಲಿಲ್ಲ. ಒಪ್ಪಿದ್ದ ಪ್ರಕಾಶಕ ಹಿಂದೆ ಸರಿದಿದ್ದ.

"ಅಯ್ಯಾರ, ಅಚ್ಚು ಹಾಕ್ಸೋದು ನನ್ನ ಪಾಲಿಗಿರಲಿ. ನಮ್ಮ ಅಧ್ಯಾಯದಾಗಿನ ಆ 'ನಂಬುತ್ತಾರೆ' ಒಂದು ತಗೀರಿ. ಸಂಗವ್ವನ ಹೆಸರಿಗೆ ಅರ್ಪಣೆ ಮಾಡೂಣು. ಆಕಿ ಆತ್ಮಕ್ಕೂ ಸಮಾಧಾನ."

ಕಲ್ಲಯ್ಯ ಕರಡಿನ ಕಟ್ಟಿಗೆ ದಾರ ಬಿಗಿದು, ತಲೆ ಎತ್ತದೆ ಹೇಳಿದ:

"ಬ್ಯಾಡ್ರಿ, ಲಕ್ಷ್ಮಪ್ಪಾರ. ಸಾಯೂ ಹೆಂಡ್ತಿ ಕೈ ಹಿಡದು ಬೇಡಿದ್ರೂ ಆ ಮಾತು ಕೊಡಲಿಲ್ಲ ನಾ. ಈಗ ನಿಮ್ಮ ಕಾಗದಕ್ಕ ಹೆಂಗ ಕೊಡ್ಲಿ?"