ಹೊಡೆದುಹಾಕಿದ ‘ಕಡಿಮೆ’

ಮೂರು ವರ್ಷ ಸಿಂದಗಿಯಲ್ಲಿ ನಾನು ಒಬ್ಬನೇ ಇದ್ದೆ. ಸೊಲ್ಲಾಪುರದ ಒಂದು ಬೇಳೆ ಗಿರಣಿಯವರು ತೊಗರಿ ಖರೀದಿಗೆಂದು ನನ್ನನ್ನು ಅಲ್ಲಿ ಕೂಡಿಸಿದ್ದರು. ಪೇಟೆಯ ಹಿಂದೆ ಒಂದು ಖೋಲಿ, ಒಂದು ಸ್ಟೋವು, ಒಂದು ಟ್ರಂಕು, ಅಷ್ಟೇ ಸಂಸಾರ. ಗಿರಣಿಯ ಮನುಷ್ಯ ಎಂದು ಎಲ್ಲರೂ ದರ ಕೇಳುವವರೇ ಹೊರತು, ಉಂಡೆಯಾ ಎಂದು ಕೇಳುವವರು ಒಬ್ಬರೂ ಇರಲಿಲ್ಲ. ಸಂಜೆಯ ಗುಲ್ಬರ್ಗಾ ಬಸ್ಸು ಹೋದಮೇಲೆ ನನಗೆ ಗೋಡೆಯೇ ಗತಿ. ಸುಳ್ಳೇಕೆ ಹೇಳಲಿ, ಆ ಒಂಟಿತನದ ಮೇಲೆ ನನಗೆ ವಿಪರೀತ ಸಿಟ್ಟು ಬರುತ್ತಿತ್ತು.

ಮೊದಲು ಉಂಡಿರೇನು ಎಂದು ಕೇಳಿದವರು ತೊಗರಿ ವ್ಯಾಪಾರದ ಒಬ್ಬ ಮುದುಕರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ದಿನಾ ಸಂಜೆ ಅವರ ಅಂಗಡಿಯಲ್ಲಿ ನನಗೆ ಚಹಾ. ಕಪ್ಪು ತುಂಬಿದ ಮೇಲೂ ಅವರು ಕಿಟ್ಲಿ ಕೆಳಗಿಡುತ್ತಿರಲಿಲ್ಲ. ಕಪ್ಪಿನ ಕೆಳಗಿನ ಬಸಿಗೆ ಇಳಿಯುವಷ್ಟು ಸುರಿದು, “ಇದು ಕೊಸರು ರೀ ಗಿರಣಿ ಸಾಹೇಬ್ರ” ಎನ್ನುತ್ತಿದ್ದರು. ಅವರು ತೊಗರಿ ಅಳೆದರೂ ಹಾಗೇ, ಅಳತೆ ಮುಗಿದ ಮೇಲೆ ಒಂದು ಬೊಗಸೆ ಹೆಚ್ಚಿಗೆ ಹಾಕದೆ ಕೈ ಒರೆಸಿಕೊಂಡವರಲ್ಲ.

ಆ ವರ್ಷ ಅವರ ಜೊತೆ ಐನೂರು ಚೀಲದ ಸೌದಾ ಕುದುರಿತು. ಸೌದಾಪತ್ರದ ಎರಡು ಪ್ರತಿ ನಾನೇ ಬರೆದೆ. ದರ, ಮಾಲು ಕೊಡುವ ದಿನ, ಒಣ ಮಾಲೇ ಆಗಬೇಕೆಂಬ ಷರತ್ತು. ಕೊನೆಗೆ, ‘ನೂರಕ್ಕೆ ಐದು ಹೆಚ್ಚು ಅಥವಾ ಕಡಿಮೆ ಬಂದರೂ ಸೌದಾ ಪೂರ್ತಿಯಾದಂತೆ, ಬಂದಷ್ಟು ತೂಕಕ್ಕೆ ಹಣ.’ ಅಂದರೆ ನಾನೂರ ಎಪ್ಪತ್ತೈದರಿಂದ ಐನೂರ ಇಪ್ಪತ್ತೈದರವರೆಗೆ ಎಷ್ಟು ಬಂದರೂ ಗಿರಣಿ ತಕರಾರು ಮಾಡುವಂತಿಲ್ಲ.

ಚಾಚಾ ಚಷ್ಮಾ ಏರಿಸಿ ಓದಿದರು. ಮುಖ ಸಣ್ಣದಾಯಿತು.

“ಹೆಚ್ಚು ಬರೀರಿ, ಬ್ಯಾಡ ಅನ್ನಂಗಿಲ್ಲ. ಈ ಕಡಿಮಿ ಯಾಕ್ರಿ? ನಮ್ಮ ಅಪ್ಪನ ಕಾಲದಿಂದ ಈ ಅಂಗಡ್ಯಾಗ ಯಾರಿಗೂ ಒಂದು ಬೊಗಸಿ ಕಡಿಮಿ ಹೋಗಿಲ್ಲ.”

“ಚಾಚಾ, ಇದು ನಿಮ್ಮ ಅನುಕೂಲಕ್ಕ ಐತಿ” ಎಂದೆ.

“ಕಡಿಮಿ ಕೊಡ್ತೇನಿ ಅಂತ ನಾನ ಸಹಿ ಮಾಡ್ಲೇನು?” ಎಂದವರೇ ‘ಅಥವಾ ಕಡಿಮೆ’ ಮೇಲೆ ಗೆರೆ ಎಳೆದರು. ಎರಡೂ ಪ್ರತಿಯಲ್ಲಿ ಎಳೆದು ಪಕ್ಕದಲ್ಲಿ ಸಹಿ ಹಾಕಿದರು.

ನಾನು ಆಗ ಹಟ ಹಿಡಿಯಬೇಕಾಗಿತ್ತು. ಮಾಲು ಇನ್ನೂ ಹೊಲದಲ್ಲಿದೆ, ಹೆಚ್ಚುಕಡಿಮೆ ಆಗುವುದು ಸಹಜ, ಈ ಮಾತು ನಿಮ್ಮನ್ನು ಕಾಯುತ್ತದೆ ಎಂದು ಕೂಡಿಸಿ ತಿಳಿಸಬೇಕಾಗಿತ್ತು. ಮಾಡಲಿಲ್ಲ. ಮುದುಕರು ಮುನಿಸಿಕೊಂಡರೆ ಸಂಜೆ ಎಲ್ಲಿಗೆ ಹೋಗಲಿ ಎಂಬ ಅಂಜಿಕೆ. ತೆಪ್ಪಗೆ ನಾನೂ ಗೆರೆಯ ಪಕ್ಕ ಸಹಿ ಹಾಕಿದೆ. ಅಂದು ಬಸಿ ತುಂಬ ಕೊಸರು ಸಿಕ್ಕಿತು, ನಾಚಿಕೆಯಿಲ್ಲದೆ ಸೊರ್ರೆಂದು ಕುಡಿದೆ.

ಮಾಲು ಕೊಡುವ ದಿನಕ್ಕೆ ಎರಡು ದಿನ ಮೊದಲು ಅಕಾಲದ ಮಳೆ ಬಿತ್ತು. ದೇವಣಗಾಂವದಿಂದ ಬಂದ ಗಾಡಿಗಳಲ್ಲಿ ಹನ್ನೆರಡು ಚೀಲ ತೊಯ್ದಿದ್ದವು. ಒಣ ಮಾಲಿನಲ್ಲಿ ಬೆರೆಸಿದ್ದರೆ ನನ್ನ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ಚಾಚಾ ತಾವೇ ಅವನ್ನು ಬೇರೆ ಇಡಿಸಿದರು. ಕೊಂಡು ತುಂಬಿಸೋಣವೆಂದರೆ ಪೇಟೆಯಲ್ಲಿ ಬೇರೆಯವರ ಮಾಲೂ ಹಸಿಯೇ. ಕೊನೆಗೆ ಒಣ ಮಾಲು ನಿಂತದ್ದು ನಾನೂರ ಎಂಬತ್ತೆಂಟು ಚೀಲ.

ಆ ಹೊತ್ತಿಗೆ ಸೊಲ್ಲಾಪುರದಲ್ಲಿ ದರ ಇಳಿದಿತ್ತು, ಹಳೆಯ ದರ ಕೊಡದೆ ತಪ್ಪಿಸಿಕೊಳ್ಳಲು ಗಿರಣಿಗೆ ಒಂದು ನೆಪ ಬೇಕಾಗಿತ್ತು. ಇಷ್ಟೇ ಚೀಲ ಇವೆ, ಲಾರಿಗೆ ತುಂಬಿಸಲೇ ಎಂದು ತಂತಿ ಕೊಟ್ಟೆ. ‘ಪತ್ರದಲ್ಲಿ ಕಡಿಮೆಗೆ ಜಾಗವಿಲ್ಲ, ಮಾಲು ಬೇಡ’ ಎಂದು ತಿರುಗಿ ತಂತಿ ಬಂತು. ‘ಅಥವಾ ಕಡಿಮೆ’ಯನ್ನು ಹೊಡೆಯದೆ ಬಿಟ್ಟಿದ್ದರೆ ಹನ್ನೆರಡು ಚೀಲ ಏನು, ಇಪ್ಪತ್ತೈದು ಕಡಿಮೆಯಾದರೂ ಅವರು ಬಾಯಿ ಮುಚ್ಚಿಕೊಂಡು ತೆಗೆದುಕೊಳ್ಳಬೇಕಾಗಿತ್ತು.

ತಂತಿಯನ್ನು ಚಾಚಾಗೆ ಓದಿ ಹೇಳಿದೆ. ಬೈದಿದ್ದರೆ ಹಗುರಾಗುತ್ತಿದ್ದೆ.

“ಗೆರಿ ಎಳದಾಂವ ನಾನ. ನಿಮ್ಮದೇನ್ ತಪ್ಪೈತಿ?” ಎಂದರು. ಆಮೇಲೆ, “ಆದ್ರ ನಿಮಗ ಗೊತ್ತಿತ್ತಲ್ರಿ” ಎಂದರು.

ಲಾರಿ ಖಾಲಿ ಹೋಯಿತು. ಹಮಾಲರು ಚೀಲಗಳನ್ನು ಮತ್ತೆ ಒಳಗೆ ಒಟ್ಟಿದರು. ಮುಂದೆ ಆ ಮಾಲು ಯಾವ ದರಕ್ಕೆ ಹೋಯಿತೋ, ಕೇಳುವ ಧೈರ್ಯ ನನಗಾಗಲಿಲ್ಲ.

ಮುಂದಿನ ಸುಗ್ಗಿಯವರೆಗೆ ಆ ಅಂಗಡಿಯ ಮುಂದೆ ಹಾಯಲಿಲ್ಲ. ಸ್ಟೋವಿನ ಮೇಲೆ ನಾನೇ ಚಹಾ ಕಾಸಿಕೊಂಡೆ. ಒಬ್ಬನಿಗೆ ಎಷ್ಟು ನೀರು ಎಂಬ ಅಂದಾಜೇ ಕೂಡಿಬರಲಿಲ್ಲ.

ಸುಗ್ಗಿಗೆ ಅವರೇ ಕರೆ ಕಳಿಸಿದರು. ಇನ್ನೂರು ಚೀಲದ ಸೌದಾ. ‘ಹೆಚ್ಚು ಅಥವಾ ಕಡಿಮೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಈ ಸಲ ಬಿಡಿಸಿ ಬಿಡಿಸಿ ಹೇಳಿದೆ. ಚಷ್ಮಾ ಹಾಕಿಕೊಳ್ಳದೆಯೇ ಸಹಿ ಮಾಡಿದರು.

“ಊಟ ಆತೇನ್ರಿ?” ಎಂದು ಕೇಳಿದರು. ಚಹಾ ಬಂತು. ಕಪ್ಪಿನ ಅಂಚಿನವರೆಗೆ ಸರಿಯಾಗಿ ಸುರಿದು ಕಿಟ್ಲಿ ಕೆಳಗಿಟ್ಟರು. ನಾನು ಬಸಿ ಹಿಡಿದುಕೊಂಡೇ ಕೂತಿದ್ದೆ. ಅದು ಒಣಗಿಯೇ ಇತ್ತು.