ಸ್ಟೋರ್ ರೂಮಿನ ಕೀಲಿ, ಖಾಲಿ ಹೊಟ್ಟೆಯ ಮಂದಿ

ಸೇವಕನಂತೆ ಮುಂದಾಳತ್ವ ವಹಿಸುವುದನ್ನು ಕಲಿಯಲು ನನಗೆ ತಗುಲಿದ್ದು ಕೊಪ್ಪಳದಲ್ಲಿ ಎರಡು ದಿನದ ತರಬೇತಿ ಮತ್ತು ನನ್ನ ಮರ್ಯಾದೆ. ತರಬೇತಿ ಪುಕ್ಕಟೆ. ಮರ್ಯಾದೆ ಮಾತ್ರ ಪೂರ್ತಿ ಬೆಲೆಗೆ ಹೋಯಿತು, ಯಾಕೆಂದರೆ ಪಾಠದ ಅರ್ಧವನ್ನಷ್ಟೇ ಕೇಳಿಸಿಕೊಂಡು ಬಂದಿದ್ದೆ.

ಗಂಗಾವತಿಯಲ್ಲಿ ತಳ್ಳುಗಾಡಿಯಿಂದ ಶುರು ಮಾಡಿ ಭತ್ತದ ದಲಾಲಿಯವರೆಗೆ ಬೆಳೆದವನು ನಾನು. ಸಿದ್ದಾಪುರದ ಹಾದಿಯಲ್ಲಿ ಊರವರು ಸೇರಿ ನಡೆಸುವ ಸಣ್ಣ ದವಾಖಾನೆಗೆ ನನ್ನನ್ನು ಮ್ಯಾನೇಜರ್ ಮಾಡಿದ್ದೇ ಚೌಕಾಸಿಯಲ್ಲಿ ಗಟ್ಟಿಗನೆಂದು. ಸ್ಟೋರ್ ರೂಮಿನ ಕೀಲಿ ಸದಾ ನನ್ನ ಸೊಂಟದಲ್ಲಿ. ಹತ್ತಿ ಬೇಕೆಂದರೂ ನನ್ನನ್ನೇ ಕೇಳಬೇಕು.

ತರಬೇತಿಯಿಂದ ಬಂದ ದಿನವೇ ನಮ್ಮ ನರ್ಸಮ್ಮ ಒಂದು ಪತ್ರ ಕೊಟ್ಟರು. ತಿಂಗಳ ಕೊನೆಗೆ ಕೆಲಸ ಬಿಡುತ್ತಾರಂತೆ. ಡಾಕ್ಟರು ಬರುವುದು ವಾರಕ್ಕೆ ಎರಡು ದಿನ. ಬಿಪಿ, ಸಕ್ಕರೆ ರೋಗಿಗಳನ್ನು ಆರು ವರ್ಷದಿಂದ ಹೆಸರು ಹಿಡಿದು ಕರೆದು ನೋಡಿಕೊಂಡವರು ಇವರೇ. ಇವರು ಹೋದರೆ ದವಾಖಾನೆಯಲ್ಲಿ ಉಳಿಯುವುದು ಬೋರ್ಡು ಮತ್ತು ನಾನು.

ಮುಂದಾಳು ಎಂದರೆ ಸೇವಕ ಎಂದು ತರಬೇತಿಯಲ್ಲಿ ಹೇಳಿದ್ದರಲ್ಲ, ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಸಬರಿಗೆ ಹಿಡಿದೆ. ದಿನಾ ಕಸ ಗುಡಿಸುವ ಆಯಾ ಬಾಗಿಲಲ್ಲೇ ನಿಂತಳು.

“ಯಾಕ್ರಿ ಸಾಹೇಬ್ರ, ನನ್ನ ಬಿಡಸಾಕ ಹತ್ತೀರೇನು?”

“ಇಲ್ಲಬೇ, ಸೇವಾ ಮಾಡಾಕತ್ತೀನಿ.”

“ಹಂಗಾರ ನಾ ಒಳಗ ಕುಂತು ಸಹಿ ಮಾಡ್ಲೇನು? ಮೂಲ್ಯಾಗ ಕಸ ಹಂಗ ಐತಿ ನೋಡ್ರಿ. ಕೊಡ್ರಿ ಇಲ್ಲಿ!”

ನರ್ಸಮ್ಮನಿಗೆ ಚಹಾ ನಾನೇ ಒಯ್ದೆ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು, “ಪತ್ರ ಓದೀರಿಲ್ರಿ?” ಎಂದು ಕೇಳಿ ರೋಗಿಯ ಬಿಪಿ ನೋಡಲು ಹೋದರು.

ಮಂಗಳವಾರ ನಮ್ಮಲ್ಲಿ ಸಕ್ಕರೆ ರೋಗಿಗಳ ದಿನ. ಖಾಲಿ ಹೊಟ್ಟೆಯಲ್ಲಿ ರಕ್ತ ನೋಡಬೇಕು, ಹಾಗಾಗಿ ನವಲಿ ಕಡೆಯಿಂದಲೂ ಜನ ಏನೂ ತಿನ್ನದೆ ಮೊದಲ ಬಸ್ಸಿಗೆ ಬರುತ್ತಾರೆ. ಆ ವಾರ ನಾನು ಅಂದೇ ಗಂಗಾವತಿಯಲ್ಲಿ ನೀರಿನ ಫಿಲ್ಟರಿಗೆ ಚೌಕಾಸಿ ಮಾಡುತ್ತ ಕೂತಿದ್ದೆ. ಫೋನು ಗಾಡಿಯ ಡಿಕ್ಕಿಯಲ್ಲಿತ್ತು. ಗೆದ್ದ ಹುರುಪಿನಲ್ಲಿ ಹನ್ನೊಂದಕ್ಕೆ ಬಂದರೆ ಅಂಗಳದ ತುಂಬ ಜನ. ರಕ್ತದ ಹನಿ ಹಾಕಿ ಸಕ್ಕರೆ ನೋಡುವ ಪಟ್ಟಿಗಳು ಒಂಬತ್ತಕ್ಕೇ ಮುಗಿದಿದ್ದವು. ಹೊಸ ಡಬ್ಬಿಗಳು ಸ್ಟೋರ್ ರೂಮಿನೊಳಗೆ, ಕೀಲಿ ನನ್ನ ಸೊಂಟದಲ್ಲಿ, ಬೈಗುಳ ನರ್ಸಮ್ಮನ ತಲೆಯ ಮೇಲೆ.

“ನಿಮ್ಮ ಸಾಹೇಬ ಬರೂತನ ನನ್ನ ಸಕ್ಕರಿ ಕಾಯ್ಕೋತ ನಿಂದ್ರತೈತೇನು?” ಎಂದು ಒಬ್ಬ ಅಜ್ಜಿ ಕೂಗುತ್ತಿದ್ದಳು. ಅವಳ ಪಕ್ಕದ ಅಜ್ಜ ಬಾಯಿ ಒರೆಸಿಕೊಂಡು, “ತಡೀಲಾರದ ಎರಡ ಮಿರ್ಚಿ ತಿಂದೇನ್ರಿ. ಖಾಲಿ ಹೊಟ್ಟೀನ ಅಂತ ಬರಕೋರಿ,” ಎಂದ.

ನನ್ನ ಬಾಯಿಗೆ ಬಂದದ್ದು ಫಿಲ್ಟರಿನ ಕಥೆ. ನರ್ಸಮ್ಮನ ಮುಖ ನೋಡಿ ನುಂಗಿಕೊಂಡೆ. “ತಪ್ಪು ಇವರದಲ್ಲರಿ. ಕೀಲಿ ಒಯ್ದಾವ ನಾನು. ಬೈಯೂದಿದ್ರ ನನಗ ಬೈರಿ,” ಎಂದೆ. ಬೈದರು. ಧಾರಾಳವಾಗಿ.

ಮಧ್ಯಾಹ್ನ ನರ್ಸಮ್ಮ ನನ್ನನ್ನು ಬೆಂಚಿನ ಮೇಲೆ ಕೂಡಿಸಿದರು.

“ಎಂಟು ಸಲ ಫೋನ್ ಹಚ್ಚೇನ್ರಿ. ದೀಪಾವಳಿ ಮುಂದ ಸೋವಿ ಸಿಕ್ಕಾವಂತ ಬ್ಯಾರೆ ಮಷೀನಿನ ಪಟ್ಟಿ ತಂದ್ರಿ, ನಮ್ಮ ಮಷೀನಿಗೆ ಕೂಡಲಿಲ್ಲ. ಅವಾಗೂ ಮಂದಿ ಬೈದದ್ದು ನನಗ.”

“ಇನ್ನ ಮ್ಯಾಲೆ ಮಂಗಳವಾರ ಅಷ್ಟ ಕೀಲಿ...”

“ಸರ್, ಇದು ಸಂತಿ ಅಲ್ರಿ. ಪೂರಾ ಕೇಳ್ರಿ.”

ಪೂರಾ ಕೇಳಿದೆ. ಜನ್ಮದಲ್ಲಿ ಮೊದಲ ಸಲ ಪ್ರತಿಯಾಗಿ ನನ್ನ ಬೆಲೆ ಹೇಳದೆ ಇಪ್ಪತ್ತು ನಿಮಿಷ ಕೂತೆ. ಅವರಿಗೆ ಬೇಕಾದದ್ದು ನನ್ನ ಕಸಬರಿಗೆಯಲ್ಲ, ನಾನು ದಾರಿ ಬಿಡುವುದು. ಕೀಲಿ ಬಿಚ್ಚಿ ಕೊಟ್ಟೆ. ಏನು ತರಬೇಕು, ಯಾವಾಗ ತರಬೇಕು ಎನ್ನುವುದನ್ನೂ ಅವರಿಗೇ ಬಿಟ್ಟೆ. ಎರಡನೆಯ ಕೀಲಿ ಆಯಾಳ ಹತ್ತಿರ ಇರಲಿ, ಪಟ್ಟಿಗಳು ಕೊನೆಯ ಎರಡು ಡಬ್ಬಿಗೆ ಇಳಿದ ಕೂಡಲೇ ಹೊಸದಕ್ಕೆ ಹೇಳಬೇಕು ಎಂದು ಅವರು ಗೊತ್ತು ಮಾಡಿದರು. ಅವರು ಆರಿಸಿದ ಪಟ್ಟಿ ದುಬಾರಿ. ಅವರ ಆಯ್ಕೆಗೆ ಬಾಯಿ ಹಾಕಲಿಲ್ಲ, ಅಂಗಡಿಯವನ ಜೊತೆ ಮಾತ್ರ ನನ್ನ ಚೌಕಾಸಿ ನಡೆಸಿದೆ.

ತಿಂಗಳ ಕೊನೆಗೆ ನರ್ಸಮ್ಮ ಕೇಳಿದರು: “ಆ ಪತ್ರ ಎಲ್ಲಿಟ್ಟೀರಿ?”

“ಫೈಲಿನ್ಯಾಗ ಐತ್ರಿ.”

“ತಗದು ಹರೀರಿ. ಇನ್ನೊಮ್ಮಿ ಬರಿಯೂದು ನನಗೇನು ತ್ರಾಸಿಲ್ಲ ಮತ್ತ.”

ನೀವೂ ನಾಲ್ಕು ಜನರ ಮೇಲಿದ್ದರೆ ನನ್ನ ಮಾತು ಕೇಳಿ. ಅವರ ಕೆಲಸ ಕಸಿದುಕೊಂಡು ಸೇವೆ ಎನ್ನಬೇಡಿ. ನಿಮ್ಮಿಂದಾಗಿ ಯಾವ ಕೆಲಸ ನಿಂತಿದೆ ಎಂದು ಒಬ್ಬೊಬ್ಬರನ್ನೇ ಕೂಡಿಸಿ ಕೇಳಿ, ಉತ್ತರ ಮುಗಿಯುವವರೆಗೆ ಬಾಯಿ ತೆರೆಯಬೇಡಿ. ಅಧಿಕಾರ ಕೊಟ್ಟ ಮೇಲೆ ವಾಪಸ್ ಎಳೆದುಕೊಳ್ಳಬೇಡಿ, ತಪ್ಪಾದ ದಿನ ಜನರೆದುರು ನೀವು ನಿಲ್ಲಿ. ಇನ್ನು ಗ್ಲುಕೋಮೀಟರಿನ ಪಟ್ಟಿ ಕೊಳ್ಳಲು ಹೋಗುವಾಗ ಮಷೀನನ್ನೂ ಜೊತೆಗೆ ಒಯ್ಯಿರಿ.